ಬ್ಯಾನರ್ ಇಪ್ಪತ್ತಡಿ, ಅಕ್ಷರ ಎರಡಿಂಚು

ಪೋಸ್ಟ್ 1

ಗಣೇಶ ಹಬ್ಬ ಹತ್ರ ಬಂತು. ಇನ್ನೊಂದ್ ವಾರಕ್ಕೆ ನಮ್ ಬ್ಯಾಚಲ್ಲಿ ಯಾರಿಗೆ ಕೋರಲ್ ಡ್ರಾ ಬರುತ್ತೋ ಅವರ ಫೋನಿಗೆಲ್ಲ ಒಂದೇ ಮೆಸೇಜ್ ಬರುತ್ತೆ: "ಮಗಾ, ಸ್ಟೇಜಿಗೆ ಹಿಂದ್ಗಡೆ ಹಾಕೋಕೆ ಒಂದು ಬ್ಯಾನರ್ ಮಾಡ್ಕೊಡು, ಇಪ್ಪತ್ತು ಬೈ ಹತ್ತು." ಮೆಸೇಜ್ ಹಿಂದೇನೇ ನಲವತ್ತು ಫೋಟೋ. ಅದರ ಹಿಂದೆ ನಲವತ್ತು ಹೆಸರು. ಕೊನೇಲಿ ಒಂದು ಸಾಲು: "ಕ್ವಾಲಿಟಿ ಚೆನ್ನಾಗಿರ್ಲಿ, 300 ಡಿಪಿಐ ಇಡು."

ಈ ಸೀರೀಸಲ್ಲಿ ನನ್ನ ತಕರಾರು ಇರೋದು ಈ ಮೆಸೇಜಿನ ಮೇಲೇ. ಅದರಲ್ಲಿ ಡಿಪಿಐ ಇದೆ, ಫೋಟೋ ಇದೆ, ಹೆಸರಿದೆ. ಆದರೆ ಬ್ಯಾನರ್ ಮಾಡೋಕೆ ಮೊದಲು ಗೊತ್ತಾಗಬೇಕಾದ ಎರಡು ಅಳತೆ ಇಲ್ಲ. ಕಟ್ಟಕಡೆಯ ಸಾಲಲ್ಲಿ ನಿಂತವರು ಬ್ಯಾನರಿನಿಂದ ಎಷ್ಟು ಅಡಿ ದೂರ? ಬ್ಯಾನರ್ ಮುಂದೆ ಏನೇನು ಬಂದು ಕೂರುತ್ತೆ? ಇವೆರಡನ್ನ ಕೇಳದೆ ಕೆಲಸ ಶುರು ಮಾಡಿದ ಡಿಸೈನರ್ ತನ್ನ ಲ್ಯಾಪ್‌ಟಾಪ್ ಸ್ಕ್ರೀನಿಗೆ ಬ್ಯಾನರ್ ಮಾಡ್ತಿದ್ದಾನೆ. ಸ್ಕ್ರೀನ್ ಕಣ್ಣಿಂದ ಎರಡು ಅಡಿ ದೂರ ಇರುತ್ತೆ, ಆ ದೂರದಲ್ಲಿ ಎಲ್ಲಾ ಚೆನ್ನಾಗೇ ಕಾಣುತ್ತೆ.

ಮಾತು ತೇಲಬಾರದು ಅಂತ ಒಂದೇ ಬ್ಯಾನರ್ ಇಟ್ಕೊಂಡು ಲೆಕ್ಕ ಮಾಡೋಣ. ಬೀದಿ ಗಣೇಶೋತ್ಸವದ ಸ್ಟೇಜ್. ನೆಲದಿಂದ ಸ್ಟೇಜ್ 4 ಅಡಿ ಎತ್ತರ. ಹಿಂದ್ಗಡೆ 20 ಅಡಿ ಅಗಲ, 10 ಅಡಿ ಎತ್ತರದ ಬ್ಯಾನರ್. ಕೊನೇ ಸಾಲು ಬ್ಯಾನರಿನಿಂದ 120 ಅಡಿ. ಕಾರ್ಯಕ್ರಮ ಸಂಜೆ.

ಇನ್ನೊಂದು ಮಾತು ಈಗಲೇ ಹೇಳಿಬಿಡ್ತೀನಿ, ಕಾಮೆಂಟಲ್ಲಿ ಯಾರಾದ್ರೂ ಕೇಳೇ ಕೇಳ್ತೀರ. ಪ್ಲಾಸ್ಟಿಕ್ ಫ್ಲೆಕ್ಸಿಗೆ ಕರ್ನಾಟಕದಲ್ಲಿ 2016ರಿಂದಲೇ ನಿಷೇಧ ಇದೆ. 100 ಮೈಕ್ರಾನಿಗಿಂತ ತೆಳುವಾದ ಪಿವಿಸಿ ಬ್ಯಾನರನ್ನ ಕೇಂದ್ರ ಸರ್ಕಾರ 2022ರ ಜುಲೈಯಿಂದ ಇಡೀ ದೇಶಕ್ಕೇ ನಿಷೇಧಿಸಿದೆ. ಹಾಗಿದ್ರೂ ಬೀದಿ ಬೀದಿಲಿ ಏನ್ ಕಾಣ್ತಿದೆ ಅಂತ ನಿಮಗೂ ಗೊತ್ತು. ಬಟ್ಟೆ ಮೇಲೆ ಪ್ರಿಂಟ್ ಮಾಡಿಸಿ. ಮುಂದೆ ಹೇಳೋ ಒಂದು ಅಳತೆಯೂ ಬಟ್ಟೆಗೆ ಬದಲಾಗಲ್ಲ. ಬಾಯಲ್ಲಿ ಮಾತ್ರ ಎಲ್ಲರೂ ಅದನ್ನೂ ಫ್ಲೆಕ್ಸ್ ಅಂತಲೇ ಕರೀತಾರೆ, ನಾನೂ ಹಾಗೇ ಕರೀತೀನಿ.

ಪೋಸ್ಟ್ 2

ಅರ್ಧ ಬ್ಯಾನರ್ ಕುರ್ಚಿ ಹಿಂದೆ ಇರುತ್ತೆ. ಇದು ಕೋಪಕ್ಕೆ ಹೇಳೋ ಮಾತಲ್ಲ, ಲೆಕ್ಕ.

ಸ್ಟೇಜ್ ಮೇಲೆ ಗಣ್ಯರು ಸಾಲಾಗಿ ಕೂರ್ತಾರೆ. ಕುರ್ಚಿ ಬ್ಯಾನರಿನಿಂದ ಸುಮಾರು 6 ಅಡಿ ಮುಂದೆ. ಕೂತವರ ತಲೆ ಸ್ಟೇಜ್ ಹಲಗೆಯಿಂದ 4 ಅಡಿ ಎತ್ತರಕ್ಕೆ ಬರುತ್ತೆ. ಕೆಳಗೆ ಕುರ್ಚಿಲಿ ಕೂತ ಪ್ರೇಕ್ಷಕರ ಕಣ್ಣೂ ನೆಲದಿಂದ ಸುಮಾರು 4 ಅಡಿ. ಅಂದ್ರೆ ಅವರ ಕಣ್ಣು ಸ್ಟೇಜಿನ ಹಲಗೆ ಮಟ್ಟದಲ್ಲೇ ಇದೆ, ನೋಡೋದು ಮೇಲ್ಮುಖವಾಗಿ.

ಗಣ್ಯರಿಂದ 20 ಅಡಿ ದೂರದಲ್ಲಿ ಕೂತ ಅಜ್ಜಿಯನ್ನ ತಗೊಳ್ಳಿ. ಅವರ ದೃಷ್ಟಿ 20 ಅಡಿ ಹೋಗೋಷ್ಟರಲ್ಲಿ 4 ಅಡಿ ಏರಿ, ಗಣ್ಯರ ತಲೆ ಮೇಲಿಂದ ದಾಟುತ್ತೆ. ಅದೇ ಓರೆಯಲ್ಲಿ ಇನ್ನೂ 6 ಅಡಿ ಹೋಗಿ ಬ್ಯಾನರ್ ಮುಟ್ಟಬೇಕು, ಅಷ್ಟರಲ್ಲಿ ಇನ್ನೊಂದು 1.2 ಅಡಿ ಏರುತ್ತೆ. ಒಟ್ಟು 5.2 ಅಡಿ. ಹಲಗೆಯಿಂದ ಮೇಲಕ್ಕೆ ಐದು ಕಾಲಡಿಯವರೆಗೂ ಆ ಅಜ್ಜಿಗೆ ಕಾಣೋದು ಗಣ್ಯರ ಬೆನ್ನಿನ ಹಿಂದಿನ ಬ್ಯಾನರ್ ಅಲ್ಲ, ಗಣ್ಯರೇ. ಗಣ್ಯರಿಂದ 60 ಅಡಿ ದೂರ ಕೂತವರಿಗೆ ಇದೇ ಲೆಕ್ಕ ಹಾಕಿದ್ರೆ 4.4 ಅಡಿ ಬರುತ್ತೆ. ಹಿಂದೆ ಹೋದಷ್ಟೂ ಸ್ವಲ್ಪ ವಾಸಿ, ಆದರೆ 4 ಅಡಿಗಿಂತ ಕೆಳಗೆ ಯಾವತ್ತೂ ಇಳಿಯಲ್ಲ.

ಹತ್ತಡಿ ಬ್ಯಾನರಲ್ಲಿ ಎಲ್ಲರಿಗೂ ಕಾಣೋದು ಮೇಲಿನ 4 ಅಡಿ 9 ಇಂಚು ಮಾತ್ರ ಅಂತ ಆಯ್ತು. ಈಗ ನಮ್ಮ ಬ್ಯಾನರ್‌ಗಳನ್ನ ನೆನಪು ಮಾಡ್ಕೊಳ್ಳಿ. ಮೇಲಿನ ಆ ಭಾಗದಲ್ಲಿ ಏನಿರುತ್ತೆ? ದೊಡ್ಡ ಕಿರೀಟ, ಮೋಡ, ಬೆಳಕಿನ ಕಿರಣ, ಎರಡು ಕಡೆ ನಾಯಕರ ಮುಖ. ಕಾರ್ಯಕ್ರಮದ ಹೆಸರು ನಡುವಿಂದ ಕೆಳಗೆ. ಗಣ್ಯರು ಬಂದು ಕೂತ ಕೂಡಲೇ ಅವರ ಹೆಸರನ್ನ ಅವರೇ ತಲೆಯಿಂದ ಮುಚ್ಚುತ್ತಾರೆ.

ಫ್ಲೆಕ್ಸ್ ಅಂಗಡಿಯವರು ದುಡ್ಡು ತಗೊಳ್ಳೋದು ಚದರಡಿ ಲೆಕ್ಕದಲ್ಲಿ. 20 ಬೈ 10 ಅಂದ್ರೆ 200 ಚದರಡಿ. ಅದರಲ್ಲಿ ನೂರು ಚದರಡಿ ಕುರ್ಚಿ ಹಿಂದೆ. ಕೆಳಗಿನ ಐದಡಿಗೆ ಶಾಮಿಯಾನದವರ ಹತ್ರ ಇರೋ ಸಾದಾ ಪರದೆ ಕಟ್ಟಿಸಿ, 20 ಬೈ 5 ಬ್ಯಾನರನ್ನ ಅದರ ಮೇಲೆ ಕಟ್ಟಿದ್ರೆ ಓದೋರಿಗೆ ಒಂದಕ್ಷರವೂ ಕಮ್ಮಿ ಆಗಲ್ಲ, ಪ್ರಿಂಟಿನ ಖರ್ಚು ಅರ್ಧಕ್ಕೆ ಇಳಿಯುತ್ತೆ. ಕಮಿಟಿಯ ಖಜಾಂಚಿಗೆ ಈ ಲೆಕ್ಕ ತೋರಿಸಿ. ಸೌಂದರ್ಯದ ಬಗ್ಗೆ ನಾವು ಎಷ್ಟು ಮಾತಾಡಿದ್ರೂ ಕೇಳದವರು ಇದನ್ನ ಕೇಳ್ತಾರೆ.

ಪೋಸ್ಟ್ 3

ಈಗ ಅಕ್ಷರದ ಎತ್ತರ. ಇದೇ ಮುಖ್ಯ, ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ಬೋರ್ಡ್ ಬರೆಯೋರು ಪ್ರಪಂಚದ ಎಲ್ಲ ಕಡೆ ಇಟ್ಕೊಂಡಿರೋ ಒಂದು ಸರಳ ಲೆಕ್ಕ ಇದೆ: ಹತ್ತಡಿ ದೂರಕ್ಕೆ ಒಂದಿಂಚು ಎತ್ತರ. 120 ಅಡಿಗೆ 12 ಇಂಚು. ಆದರೆ ಈ ಲೆಕ್ಕ ಹುಟ್ಟಿದ್ದು ಇಂಗ್ಲಿಷಿನ ದೊಡ್ಡಕ್ಷರಗಳಿಗೆ. ನಮ್ಮ ಲಿಪಿಗೆ ತರುವಾಗ, ಆ 12 ಇಂಚು ಅನ್ನೋದು ಬರೀ "ಕ" ಅಥವಾ "ವ" ಅಕ್ಷರದ ಮೈ ಎತ್ತರ ಅಂತ ಇಟ್ಕೊಳ್ಳಬೇಕು. ಮೇಲಿನ ಗುಡಿಸು, ಕೆಳಗಿನ ಒತ್ತು ಎಲ್ಲ ಅದಕ್ಕೆ ಹೊರಗೆ.

ಯಾಕೆ ಇಷ್ಟು ದೊಡ್ಡದು ಬೇಕು? ಕಣ್ಣಿಗೆ ಒಂದು ಮಿತಿ ಇದೆ. ಒಳ್ಳೆ ದೃಷ್ಟಿ ಇರೋರು ಒಳ್ಳೆ ಬೆಳಕಲ್ಲಿ ಒಂದು ಡಿಗ್ರಿಯ ಅರವತ್ತನೇ ಒಂದು ಭಾಗದಷ್ಟು ಅಂತರವನ್ನ ಬೇರೆ ಬೇರೆಯಾಗಿ ಕಾಣಬಲ್ಲರು, ಅದಕ್ಕಿಂತ ಸಣ್ಣದಿದ್ರೆ ಎರಡು ಗೆರೆ ಒಂದೇ ಆಗಿಬಿಡುತ್ತೆ. 120 ಅಡಿ ದೂರದಲ್ಲಿ ಆ ಅಂತರ ಹೆಚ್ಚುಕಮ್ಮಿ 0.4 ಇಂಚು. ಈಗ ಕನ್ನಡ ಅಕ್ಷರ ನೋಡಿ. "ದ"ಗೂ "ಧ"ಗೂ ಇರೋ ವ್ಯತ್ಯಾಸ ಬುಡದ ಒಂದು ಸಣ್ಣ ಸೀಳು. "ಪ"ಗೂ "ಷ"ಗೂ ಒಳಗಿನ ಒಂದು ಗೆರೆ. ಇಂಥ ಸೀಳು, ಇಂಥ ಸಂದು ಅಕ್ಷರದ ಎತ್ತರದ ಹತ್ತನೇ ಒಂದು ಭಾಗ ಇರುತ್ತೆ ಅಂತ ಇಟ್ಕೊಳ್ಳೋಣ. ಆ ಸಂದು 0.4 ಇಂಚು ಇರಬೇಕಂದ್ರೆ ಅಕ್ಷರ 4 ಇಂಚು ಇರಬೇಕು. ಇದು ಅಂಚು, ಕಣ್ಣಿನ ಡಾಕ್ಟರ್ ಬೋರ್ಡಿನ ಎದುರು ಕೂತು ಕಷ್ಟಪಟ್ಟು ಓದೋ ಅಂಚು. ಸಂಜೆ ಹೊತ್ತು, ಕಣ್ಣಿಗೆ ಹೊಡೆಯೋ ಸ್ಟೇಜ್ ಲೈಟು, ಕನ್ನಡಕ ಮನೇಲೇ ಬಿಟ್ಟು ಬಂದ ಮಾವ, ನಡುವೆ ಓಡಾಡೋ ಜನ ಎಲ್ಲ ಸೇರಿಸಿದ್ರೆ ಅದರ ಮೂರು ಪಟ್ಟು ಬೇಕಾಗುತ್ತೆ. ಮತ್ತೆ 12 ಇಂಚಿಗೇ ಬಂದ್ವಿ.

ಈಗ "ಶುಭ ಕೋರುವವರು" ಪಟ್ಟಿಗೆ ಬನ್ನಿ. ಅಲ್ಲಿ ಹೆಸರುಗಳು ಎರಡಿಂಚು. ಹತ್ತಡಿಗೆ ಒಂದಿಂಚು ಲೆಕ್ಕದಲ್ಲಿ ಅವು ಸುಖವಾಗಿ ಓದೋಕೆ ಬರೋದು 20 ಅಡಿಯಿಂದ. ಆದರೆ ನಮ್ಮ ಸ್ಟೇಜಲ್ಲಿ ಮೊದಲನೇ ಸಾಲೇ 26 ಅಡಿ ದೂರ ಇದೆ! ಒಳ್ಳೆ ಕಣ್ಣಿದ್ದವರೂ 57 ಅಡಿ ದಾಟಿದ ಮೇಲೆ "ದ" "ಧ" ಬೇರೆ ಮಾಡೋಕಾಗಲ್ಲ. ಇದನ್ನ ಜನ ಓದ್ತಾರೆ ಅಂತ ದುಡ್ಡು ಕೊಟ್ಟವರಿಗೆ ಹೇಳೋದು ಮೋಸ. ಅದರಲ್ಲಿ ಡಿಸೈನ್ ಮಾಡಿಕೊಟ್ಟ ನಮ್ಮ ಪಾಲೂ ಇದೆ.

ಹನ್ನೆರಡಿಂಚಿನ ಅಕ್ಷರಕ್ಕೆ ಜಾಗ ಎಷ್ಟು ಬೇಕು ಅಂತ ನೋಡೋಣ. ಕೆಳಗೆ ಒತ್ತಕ್ಷರ ಸುಮಾರು ಅರ್ಧ ಗಾತ್ರ, ಅಂದ್ರೆ ಆರಿಂಚು. ಮೇಲೆ ಗುಡಿಸು, ಎತ್ವಕ್ಕೆ ಒಂದೆರಡು ಇಂಚು. ಸಾಲುಗಳ ನಡುವೆ ಉಸಿರಾಡೋಕೆ ಒಂದಿಷ್ಟು. ಒಂದು ಸಾಲಿಗೆ ಎರಡಡಿ ಬೇಕು. ನಮ್ಮ ಹತ್ರ ಇರೋದು 4 ಅಡಿ 9 ಇಂಚು, ಮೇಲೆ ಅರ್ಧ ಅಡಿ ಅಂಚು ಬಿಟ್ರೆ 4 ಅಡಿ 3 ಇಂಚು. ಎರಡು ಸಾಲು ಹಿಡಿಸುತ್ತೆ. ಎರಡೇ. ಮೊದಲನೇದು "ಶ್ರೀ ಗಣೇಶೋತ್ಸವ", ಎರಡನೇದು "ಸಾಂಸ್ಕೃತಿಕ ಸಂಜೆ". ದೀರ್ಘ, ಸೊನ್ನೆ ಸೇರಿ ಅಕ್ಷರದ ಅಗಲ ಸರಾಸರಿ ಎತ್ತರದ ಒಂದೂವರೆ ಪಟ್ಟು ಹಿಡಿದ್ರೂ ಆರಾರು ಅಕ್ಷರದ ಈ ಸಾಲುಗಳು ಒಂಬತ್ತು ಹತ್ತಡಿ ಅಗಲದಲ್ಲಿ ಮುಗಿಯುತ್ತವೆ. ಪಕ್ಕದಲ್ಲಿ ನಾಲ್ಕಡಿ ಗಣಪನ ಚಿತ್ರಕ್ಕೆ ಜಾಗ ಇದೆ. "ಸ್ಕೃ" ಮಾತ್ರ ನೋಡ್ಕೊಳ್ಳಿ, ಅದರ ಕೆಳಗೆ ಕ ಒತ್ತೂ ಇದೆ, ವಟ್ರಸುಳಿಯೂ ಇದೆ, ಬೇರೆಲ್ಲಕ್ಕಿಂತ ಕೆಳಗೆ ಇಳಿಯುತ್ತೆ. ಅದನ್ನ ಎರಡನೇ ಸಾಲಲ್ಲಿ ಇಟ್ಟಿರೋದು ಅದಕ್ಕೇ. ಮೊದಲ ಸಾಲಲ್ಲಿ ಇದ್ದಿದ್ರೆ ಕೆಳಗಿನ ಸಾಲಿನ ತಲೆಗೆ ಡಿಕ್ಕಿ ಹೊಡೀತಿತ್ತು.

ಇಲ್ಲಿ ಎಲ್ಲರೂ ಬೀಳೋ ಒಂದು ಗುಂಡಿ ಇದೆ. ಸಾಫ್ಟ್‌ವೇರಲ್ಲಿ 72 ಪಾಯಿಂಟ್ ಅಂದ್ರೆ ಒಂದಿಂಚು, ಹಾಗಾಗಿ 12 ಇಂಚಿಗೆ 864 ಪಾಯಿಂಟ್ ಅಂತ ಲೆಕ್ಕ ಹಾಕ್ತಾರೆ. ತಪ್ಪು. ಆ ಅಳತೆ ಅಕ್ಷರ ಕೂರೋ ಕಾಣದ ಡಬ್ಬಿಯದ್ದು, ಅಕ್ಷರದ್ದಲ್ಲ. ಕನ್ನಡ ಫಾಂಟುಗಳಲ್ಲಿ ಒತ್ತಿಗೆ ಜಾಗ ಬಿಟ್ಟಿರೋದ್ರಿಂದ "ಕ" ಆ ಡಬ್ಬಿಯ ಅರ್ಧದ ಆಸುಪಾಸಲ್ಲಿರುತ್ತೆ, ಒಂದೊಂದು ಫಾಂಟಲ್ಲಿ ಒಂದೊಂದು ಥರ. ಪಾಯಿಂಟ್ ನಂಬರನ್ನ ಮರೆತುಬಿಡಿ. 12 ಇಂಚು ಎತ್ತರದ ಒಂದು ಆಯತ ಬರೆದು ಪಕ್ಕದಲ್ಲಿಟ್ಟು, "ಕ" ಅದಕ್ಕೆ ಸಮ ಬರೋವರೆಗೂ ಎಳೀರಿ.

ಔಟ್‌ಲೈನ್ ಬಗ್ಗೆ ಒಂದೇ ಮಾತು. ಹಳದಿ ಅಕ್ಷರ, ಅದಕ್ಕೆ ಕೆಂಪು ಅಂಚು, ಅದಕ್ಕೆ ಬಿಳಿ ಅಂಚು, ಅದಕ್ಕೊಂದು ನೆರಳು. ಹನ್ನೆರಡಿಂಚಿನ ಅಕ್ಷರದ ಸೀಳು ಒಂದಿಂಚಿದ್ದು, ಎರಡೂ ಕಡೆಯಿಂದ ಅರ್ಧರ್ಧ ಇಂಚು ಅಂಚು ನುಗ್ಗಿದ್ರೆ ಆ ಸೀಳು ಮುಚ್ಚೇ ಹೋಯ್ತು. ಅಷ್ಟು ದೊಡ್ಡ ಅಕ್ಷರ ಬರೆದೂ ದೂರದಿಂದ "ಧ" ಮತ್ತೆ "ದ" ಆಗುತ್ತೆ. ಗಾಢ ಬಣ್ಣದ ಮೇಲೆ ತಿಳಿ ಬಣ್ಣ, ಸಪಾಟು, ಅಂಚಿಲ್ಲದೆ. ಸಾಕು.

ಪೋಸ್ಟ್ 4

300 ಡಿಪಿಐ ಅನ್ನೋ ಮಂತ್ರ.

20 ಬೈ 10 ಅಡಿಗೆ ನಿಜವಾಗ್ಲೂ 300 ಇಟ್ರೆ ಚಿತ್ರ 72,000 ಬೈ 36,000 ಪಿಕ್ಸೆಲ್ ಆಗುತ್ತೆ. 250 ಕೋಟಿ ಪಿಕ್ಸೆಲಿಗೂ ಜಾಸ್ತಿ. ಫೋಟೋಶಾಪಿನ ಮಾಮೂಲಿ ಪಿಎಸ್‌ಡಿ ಫೈಲಿನ ಮಿತಿಯೇ ಒಂದು ಬದಿಗೆ 30,000 ಪಿಕ್ಸೆಲ್. ಜೆಪೆಗ್ ಅನ್ನೋ ಮಾದರಿಗೇ 65,535ರ ಮೇಲೆ ಹೋಗೋಕೆ ಆಗಲ್ಲ. ಹಾಗಾಗಿ "ನಾನು 300ರಲ್ಲೇ ಮಾಡೋದು" ಅನ್ನೋರು ಬಹುತೇಕ ಹತ್ತನೇ ಒಂದು ಅಳತೆಯಲ್ಲಿ, ಅಂದ್ರೆ 2 ಬೈ 1 ಅಡಿ ಫೈಲಲ್ಲಿ 300 ಇಟ್ಟಿರ್ತಾರೆ. ಅದು ಅಂಗಡೀಲಿ ಹತ್ತು ಪಟ್ಟು ಹಿಗ್ಗಿದಾಗ ಉಳಿಯೋದು 30. ಅದರಲ್ಲಿ ತಪ್ಪೇನೂ ಇಲ್ಲ, 30 ಧಾರಾಳ ಸಾಕು! ತಪ್ಪಿರೋದು 300 ಅನ್ನೋ ಜಂಭದಲ್ಲಿ.

ಬೇಕಾದ ಲೆಕ್ಕ ಇದು: 3400 ಅನ್ನೋ ಸಂಖ್ಯೆಯನ್ನ ನೋಡೋ ದೂರದಿಂದ, ಇಂಚಲ್ಲಿ, ಭಾಗಿಸಿ. ಕಣ್ಣಿನ ಮಿತಿಯ ಅದೇ ಲೆಕ್ಕ, ತಿರುಗಿಸಿ ಹಾಕಿರೋದು ಅಷ್ಟೆ. ಕೈಯಲ್ಲಿ ಹಿಡಿದ ಆಮಂತ್ರಣ ಪತ್ರಿಕೆ 11 ಇಂಚು ದೂರದಲ್ಲಿದ್ರೆ 300 ಬೇಕು, ಆ ಸಂಖ್ಯೆ ಬಂದಿದ್ದೇ ಅಲ್ಲಿಂದ. ನಮ್ಮ ಮೊದಲ ಸಾಲು 26 ಅಡಿ, ಅಂದ್ರೆ 312 ಇಂಚು. ಬೇಕಿರೋದು ಹನ್ನೊಂದೇ ಪಿಕ್ಸೆಲ್ ಒಂದಿಂಚಿಗೆ. ಹತ್ತಿರ ಬಂದು ಸೆಲ್ಫಿ ತೆಗೆಯೋರಿದ್ದಾರೆ ಅಂತ ಮೂರು ಪಟ್ಟು ಇಡಿ, 30 ಪ್ಲಸ್. ನಾಲ್ಕಡಿ ಗಣಪನ ಫೋಟೋಗೆ 48 ಇಂಚು ಗುಣಿಸು 30, 1440 ಪಿಕ್ಸೆಲ್ ಎತ್ತರ ಸಾಕು. 12 ಮೆಗಾಪಿಕ್ಸೆಲಿನ ಮಾಮೂಲಿ ಫೋನ್ ಫೋಟೋ 4000 ಬೈ 3000 ಇರುತ್ತೆ.

ಹಾಗಾದ್ರೆ ಬ್ಯಾನರುಗಳಲ್ಲಿ ಮುಖ ಯಾಕೆ ಇಟ್ಟಿಗೆ ಇಟ್ಟಿಗೆಯಾಗಿ ಒಡೆಯುತ್ತೆ? ವಾಟ್ಸಾಪಲ್ಲಿ ಮಾಮೂಲಿಯಾಗಿ ಕಳಿಸಿದ ಫೋಟೋ ಉದ್ದ ಬದಿಗೆ ಸುಮಾರು 1600 ಪಿಕ್ಸೆಲಿಗೆ ಕುಗ್ಗುತ್ತೆ. ಅದು ಗುಂಪು ಫೋಟೋ ಆಗಿದ್ದು, ಅದರಿಂದ ಒಂದು ಮುಖ ಕತ್ತರಿಸಿದ್ರೆ ಕೈಗೆ ಬರೋದು ಇನ್ನೂರು ಪಿಕ್ಸೆಲ್. ಅದನ್ನ ಮೂರಡಿಗೆ ಎಳೆದ್ರೆ ಒಂದಿಂಚಿಗೆ ಐದೂವರೆ. ಆಮೇಲೆ ಫೋಟೋಶಾಪಲ್ಲಿ ಡಿಪಿಐ ಪೆಟ್ಟಿಗೇಲಿ 300 ಅಂತ ಟೈಪ್ ಮಾಡಿದ್ರೆ ಇಲ್ಲದ ಮೂಗು ಕಣ್ಣು ಹುಟ್ಟಲ್ಲ. ಫೋಟೋನ ಡಾಕ್ಯುಮೆಂಟ್ ಆಗಿ ಕಳಿಸಿ ಅಂತ ಹೇಳಿ, ಆಗ ಕುಗ್ಗಲ್ಲ.

ಅಕ್ಷರಕ್ಕೆ ಮಾತ್ರ ಡಿಪಿಐ ಪ್ರಶ್ನೆಯೇ ಬರಬಾರದು. ಅಕ್ಷರ ಗೆರೆಯಾಗಿಯೇ ಇರಲಿ, ಚಿತ್ರ ಆಗೋದು ಬೇಡ. ಕೋರಲಲ್ಲಿ ಟೆಕ್ಸ್ಟ್ ಆರಿಸಿ `Ctrl+Q` ಒತ್ತಿ ಕರ್ವ್ ಮಾಡಿ ಪಿಡಿಎಫ್ ಕೊಡಿ. ಆಗ ಅಂಗಡಿಯವರ ಕಂಪ್ಯೂಟರಲ್ಲಿ ನಿಮ್ಮ ಫಾಂಟ್ ಇಲ್ಲದೆ "ಗಣೇಶೋತ್ಸವ" ಚಿತ್ರವಿಚಿತ್ರ ಚಿಹ್ನೆಗಳ ಮೆರವಣಿಗೆ ಆಗೋದೂ ತಪ್ಪುತ್ತೆ. ಕರ್ವ್ ಆದ ಮೇಲೆ ಕಾಗುಣಿತ ತಿದ್ದೋಕಾಗಲ್ಲ, ಅದಕ್ಕೆ ಮೂಲ ಫೈಲ್ ಬೇರೆ ಇಟ್ಕೊಳ್ಳಿ. ಮತ್ತೆ, ದಯವಿಟ್ಟು, ಫೈನಲ್ ಡಿಸೈನಿನ ಸ್ಕ್ರೀನ್‌ಶಾಟನ್ನ ಪ್ರಿಂಟಿಗೆ ಕಳಿಸ್ಬೇಡಿ. ಹೌದು, ಕಳಿಸೋರಿದ್ದಾರೆ.

ಪೋಸ್ಟ್ 5

ಅಂಚು. ಇದು ಚಿಕ್ಕ ವಿಷಯ, ಆದರೆ "ಗಣೇಶೋತ್ಸವ" ಹೋಗಿ "ಣೇಶೋತ್ಸವ" ಆಗೋದು ಇಲ್ಲೇ.

ಫ್ಲೆಕ್ಸನ್ನ ರೀಪರ್ ಚೌಕಟ್ಟಿಗೆ ಸುತ್ತಿ ಹಿಂದೆ ಮೊಳೆ ಹೊಡೀತಾರೆ. 20 ಬೈ 10ಕ್ಕೆ ಸರಿಯಾಗಿ ಪ್ರಿಂಟ್ ಮಾಡಿದ್ರೆ ಸುತ್ತೋಕೆ ಬಟ್ಟೆ ಎಲ್ಲಿಂದ ಬರ್ಬೇಕು? ಬಡಗಿ ಚೌಕಟ್ಟನ್ನೇ ಅರ್ಧ ಅಡಿ ಸಣ್ಣದು ಮಾಡ್ತಾನೆ, ನಾಲ್ಕೂ ಕಡೆ ಮೂರು ಮೂರು ಇಂಚು ಹಿಂದಕ್ಕೆ ಮಡಚುತ್ತೆ. ಅದರ ಮೇಲೆ ಸೀರಿಯಲ್ ಸೆಟ್, ಚೆಂಡು ಹೂವಿನ ಹಾರ. ಎರಡೂ ಪಕ್ಕಕ್ಕೆ ಬಾಳೆಕಂದು, ಅದು ಕಮ್ಮಿ ಅಂದ್ರೂ ಒಂದಡಿ ನುಂಗುತ್ತೆ. ಹಾಗಾಗಿ ಅಕ್ಷರ ಮೇಲಿನಿಂದ ಅರ್ಧ ಅಡಿ, ಪಕ್ಕಗಳಿಂದ ಒಂದೂವರೆ ಅಡಿ ಒಳಗೇ ಇರಲಿ. ಹಿನ್ನೆಲೆ ಬಣ್ಣ ಮಾತ್ರ ತುದಿವರೆಗೂ ಹೋಗಲಿ, ಮಡಚಿದ್ರೂ ಬಿಳಿ ಕಾಣಬಾರದು. ಹಗ್ಗಕ್ಕೆ ಕಟ್ಟೋದಾದ್ರೆ ಐಲೆಟ್ ತೂತು ಎಲ್ಲೆಲ್ಲಿ ಬರುತ್ತೆ ಅಂತ ಅಂಗಡೀಲಿ ಕೇಳಿ.

ಇನ್ನೊಂದಿದೆ. ಗಾಳಿಗೆ ಹರಿಯಬಾರದು ಅಂತ ಕಟ್ಟೋ ಹುಡುಗರು ಬ್ಲೇಡಲ್ಲಿ ಅರ್ಧ ಚಂದ್ರಾಕಾರ ಕುಯ್ತಾರೆ. ಎಲ್ಲಿ ಕುಯ್ಬೇಕು ಅಂತ ಯಾರೂ ಹೇಳಿರಲ್ಲ, ಹಾಗಾಗಿ ಗಣಪನ ಹೊಟ್ಟೆ ಮೇಲೋ "ಶ್ರೀ" ಮೇಲೋ ಬೀಳುತ್ತೆ. ಅಕ್ಷರ ಇಲ್ಲದ ಜಾಗ ನೀವೇ ತೋರಿಸಿ.

ಪೋಸ್ಟ್ 6

"ಅಣ್ಣ ದುಡ್ಡು ಕೊಟ್ಟಿದ್ದಾರೆ, ಫೋಟೋ ಹಾಕಲ್ಲ ಅಂದ್ರೆ ಹೇಗೆ?" ಕಳೆದ ಪೋಸ್ಟ್‌ಗಳಿಗೆ ಬಂದ ಡಿಎಮ್‌ಗಳಲ್ಲಿ ಅರ್ಧ ಇದೇ. ನ್ಯಾಯವಾದ ಪ್ರಶ್ನೆ. ಚಂದಾ ಇಲ್ಲದೆ ಹಬ್ಬ ಇಲ್ಲ, ಕೊಟ್ಟವರ ಹೆಸರು ಜನಕ್ಕೆ ಗೊತ್ತಾಗಲೇಬೇಕು.

ಗೊತ್ತಾಗಬೇಕು ಅಂತಲೇ ನಾನೂ ಹೇಳ್ತಿರೋದು. ಸ್ಟೇಜ್ ಹಿಂದೆ, 26 ಅಡಿ ಆಚೆ, ಎರಡಿಂಚಲ್ಲಿ, ಕುರ್ಚಿ ಮರೆಯಲ್ಲಿ ಇಟ್ರೆ ಅಣ್ಣನ ಹೆಸರು ಅಣ್ಣನಿಗೇ ಕಾಣಲ್ಲ. ಅದರ ಬದಲು ಪೆಂಡಾಲ್ ಬಾಗಿಲಲ್ಲಿ, ಚಪ್ಪಲಿ ಬಿಡೋ ಜಾಗದ ಹತ್ರ, ಪ್ರಸಾದದ ಸಾಲಿನ ಪಕ್ಕ, 3 ಬೈ 6 ಅಡಿಯ ಒಂದು ಬೋರ್ಡ್ ನಿಲ್ಲಿಸಿ. ಜನ ಅಲ್ಲಿ ನಾಲ್ಕೈದು ಅಡಿ ದೂರದಲ್ಲಿ ಸುಮ್ಮನೆ ನಿಂತಿರ್ತಾರೆ, ಓದೋಕೆ ಬೇರೆ ಏನೂ ಇರಲ್ಲ. ಆ ದೂರಕ್ಕೆ ಅರ್ಧ ಇಂಚೇ ಸಾಕು, ನೀವು ಒಂದಿಂಚು ಇಡಿ. ಸಾಲಿಗೆ ಎರಡಿಂಚು ಹಿಡಿದ್ರೆ ಕೆಳಗಿನ ಎರಡಡಿ ಬಿಟ್ಟೂ ಇಪ್ಪತ್ತಕ್ಕೂ ಹೆಚ್ಚು ಸಾಲು, ಎರಡು ಕಾಲಮ್ಮಲ್ಲಿ ನಲವತ್ತು ಹೆಸರು. ಕೆಳಗಿನ ಎರಡಡಿ ಯಾಕೆ ಖಾಲಿ ಅಂದ್ರೆ, ಅಲ್ಲಿ ಚಪ್ಪಲಿ ಮತ್ತು ಮಕ್ಕಳು ಇರ್ತಾರೆ. ಇದರ ಡಿಪಿಐ ಮಾತ್ರ ಬೇರೆ, ನಾಲ್ಕಡಿಗೆ 3400 ಭಾಗಿಸು 48, ಸುಮಾರು 70. ಫೋಟೋಗಳು ಇಲ್ಲಿ ಪಾಸ್‌ಪೋರ್ಟ್ ಸೈಜಿಗಿಂತ ಎರಡು ಪಟ್ಟು ಇದ್ರೂ ಸ್ಪಷ್ಟ.

ಕಮಿಟಿಯವರು ಆಗಲೂ ಒಪ್ಪಲ್ಲ ಅಂದ್ರೆ ವಾದ ಮಾಡಬೇಡಿ, ಫೋನ್ ತೆಗೀರಿ. ಡಿಸೈನನ್ನ ಫೋನಲ್ಲಿ ಅಡ್ಡವಾಗಿ, ಪೂರ್ತಿ ಸ್ಕ್ರೀನಿಗೆ ಇಡಿ. ಆಗ ಚಿತ್ರ ಸುಮಾರು ಆರಿಂಚು ಅಗಲ ಇರುತ್ತೆ. 20 ಅಡಿ ಆರಿಂಚಾಯ್ತು ಅಂದ್ರೆ ನಲವತ್ತನೇ ಒಂದು ಅಳತೆ. 120 ಅಡಿ ಆಗೋದು ಮೂರಡಿ. ಫೋನನ್ನ ಮೇಜಿನ ಮೇಲೆ ಆನಿಸಿ ಇಟ್ಟು, ಟೇಪ್ ಹಿಡಿದು ಕಣ್ಣಿಂದ ಸರಿಯಾಗಿ ಮೂರಡಿ ದೂರ ಕೂರಿಸಿ, ಜೂಮ್ ಮಾಡೋಕೆ ಬಿಡದೆ "ಅಣ್ಣಾ, ನಿಮ್ಮ ಹೆಸರು ಎಲ್ಲಿದೆ ತೋರಿಸಿ" ಅಂತ ಕೇಳಿ. ಕೊನೇ ಸಾಲಲ್ಲಿ ಕೂತವರಿಗೆ ಎಷ್ಟು ಕಾಣುತ್ತೋ ಅಷ್ಟೇ ಅವರಿಗೆ ಕಾಣೋದು. ನಿಜವಾದ ಸಂಜೆಯಲ್ಲಿ ಇದಕ್ಕಿಂತ ಕಮ್ಮಿ, ಯಾಕಂದ್ರೆ ಫೋನ್ ಸ್ಕ್ರೀನಿಗೆ ಅದರದೇ ಬೆಳಕಿದೆ. ಜೊತೆಗೆ ಚಿತ್ರದ ಕೆಳಗಿನ ಅರ್ಧವನ್ನ ಅಂಗೈಯಿಂದ ಮುಚ್ಚಿ ಹಿಡೀರಿ. ಅದು ಗಣ್ಯರ ಸಾಲು.

ಈ ಬ್ಯಾನರಿನ 20 ಬೈ 5 ಅಳತೆಯ ಖಾಲಿ ಫೈಲ್ ಮಾಡಿಟ್ಟಿದ್ದೀನಿ, ಅಂಚಿನ ಗೆರೆ, ಹನ್ನೆರಡಿಂಚಿನ ಆಯತ ಎರಡೂ ಅದರಲ್ಲಿವೆ. ಬೇಕಾದವರು ಕಾಮೆಂಟಲ್ಲಿ "ಫೈಲ್" ಅಂತ ಹಾಕಿ, ಜೊತೆಗೆ ನಿಮ್ಮ ಬೀದಿಯ ಕೊನೇ ಸಾಲು ಎಷ್ಟು ಅಡಿ ದೂರ ಅಂತಲೂ ಬರೀರಿ. ದೂರ ಬರೆಯದವರಿಗೆ ಕಳಿಸಲ್ಲ.

#ಫ್ಲೆಕ್ಸ್ #ಕನ್ನಡಅಕ್ಷರ #ಗಣೇಶೋತ್ಸವ #ಹತ್ತಡಿಗೊಂದಿಂಚು